ಆರ್‌ಸಿ ಮಂಡಲದ ಇಂಪಲ್ಸ್ ಪ್ರತಿಕ್ರಿಯೆ: ಉತ್ತರದಲ್ಲಿ ಬಿಟ್ಟುಹೋಗುವ ಡೆಲ್ಟಾ

ಒಂದು ವೋಲ್ಟೇಜ್ ಮೂಲ, ಅದಕ್ಕೆ ಸರಣಿಯಲ್ಲಿ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್. ಕೆಪಾಸಿಟರ್‌ನ ವೋಲ್ಟೇಜನ್ನೇ ಔಟ್‌ಪುಟ್ ಎಂದುಕೊಂಡು ಇಂಪಲ್ಸ್ ಪ್ರತಿಕ್ರಿಯೆ ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಸರಿಯಾಗಿ ಬರೆಯುತ್ತಾರೆ. ಅದೇ ಮಂಡಲದಲ್ಲಿ ರೆಸಿಸ್ಟರ್‌ನ ವೋಲ್ಟೇಜನ್ನು ಔಟ್‌ಪುಟ್ ಮಾಡಿ ಕೇಳಿ ನೋಡಿ, ಉತ್ತರದ ಒಂದು ತುಂಡು ಕಾಣೆಯಾಗುತ್ತದೆ. ಆ ತುಂಡು ಯಾವುದು, ಅದಿಲ್ಲದೆ ಲೆಕ್ಕ ಹೇಗೆ ಕೆಡುತ್ತದೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ರೆಸಿಸ್ಟರ್ 10 kΩ, ಕೆಪಾಸಿಟರ್ 0.1 µF ಇರಲಿ. ಆಗ RC ಗುಣಲಬ್ಧ ಸರಿಯಾಗಿ 1 ಮಿಲಿಸೆಕೆಂಡ್.

ಮೊದಲು ಕೆಪಾಸಿಟರ್. ಲ್ಯಾಪ್ಲಾಸ್ ರೂಪದಲ್ಲಿ ಅದರ ಇಂಪೀಡೆನ್ಸ್ 1/sC ಆದ್ದರಿಂದ ವೋಲ್ಟೇಜ್ ಹಂಚಿಕೆಯ ನಿಯಮವೇ ಟ್ರಾನ್ಸ್‌ಫರ್ ಫಂಕ್ಷನ್ ಕೊಡುತ್ತದೆ:

H(s) = 1/(1 + sRC)

ಇದನ್ನು ಹೀಗೆಯೇ ಕೋಷ್ಟಕದಲ್ಲಿ ಹುಡುಕಬಾರದು. ಕೋಷ್ಟಕದಲ್ಲಿರುವುದು 1/(s + a). ಆ ರೂಪಕ್ಕೆ ತರಲು ಅಂಶವನ್ನೂ ಛೇದವನ್ನೂ RCಯಿಂದ ಭಾಗಿಸಬೇಕು. ಹಾಗೆ ಮಾಡಿದಾಗ ಮುಂದೆ ಒಂದು 1/RC ಬಂದು ನಿಲ್ಲುತ್ತದೆ:

h(t) = (1/RC) e^(−t/RC) u(t)

ಈ 1/RCಯನ್ನು ಮರೆತವರಿಗೆ ಏಕಮಾನಗಳೇ ಎಚ್ಚರಿಕೆ ಕೊಡುತ್ತವೆ. ವೋಲ್ಟೇಜ್ ಒಳಗೆ ಹೋಗಿ ವೋಲ್ಟೇಜ್ ಹೊರಬರುವ ಮಂಡಲದಲ್ಲಿ h(t)ಯ ಏಕಮಾನ ‘ಪ್ರತಿ ಸೆಕೆಂಡ್’. ನಮ್ಮ ಮಂಡಲದಲ್ಲಿ ಅದರ ಆರಂಭದ ಬೆಲೆ ಸೆಕೆಂಡಿಗೆ 1000. ಇದನ್ನು 1000 ವೋಲ್ಟ್ ಎಂದು ಓದಿ ಗಾಬರಿಯಾಗುವವರಿದ್ದಾರೆ. ಅದು ವೋಲ್ಟ್ ಅಲ್ಲ. ಇಂಪಲ್ಸ್‌ಗೆ ಎತ್ತರವೆಂಬುದಿಲ್ಲ, ವಿಸ್ತೀರ್ಣವಿದೆ. ವೋಲ್ಟೇಜ್ ಇಂಪಲ್ಸ್‌ನ ವಿಸ್ತೀರ್ಣದ ಏಕಮಾನ ವೋಲ್ಟ್-ಸೆಕೆಂಡ್. ಅದನ್ನು ಸೆಕೆಂಡಿಗೆ 1000ದಿಂದ ಗುಣಿಸಿದಾಗ ಮಾತ್ರ ವೋಲ್ಟ್ ಸಿಗುತ್ತದೆ.

ಅಂಕಿಗಳಲ್ಲಿ ನೋಡೋಣ. ನಿಜವಾದ ಇಂಪಲ್ಸನ್ನು ಯಾವ ಜನರೇಟರೂ ಕೊಡಲಾರದು. ಆದರೆ 10 V ಎತ್ತರದ, 10 µs ಅಗಲದ ಪಲ್ಸ್ ಕೊಡಬಹುದು. ಅದರ ವಿಸ್ತೀರ್ಣ 0.0001 ವೋಲ್ಟ್-ಸೆಕೆಂಡ್. 1000ದಿಂದ ಗುಣಿಸಿದರೆ 0.1 V. ಅಂದರೆ ಕೆಪಾಸಿಟರ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 0.1 Vಗೆ ಏರಿ, ಅಲ್ಲಿಂದ 1 ಮಿಲಿಸೆಕೆಂಡ್‌ನ ಸಮಯಾಂಕದಲ್ಲಿ ಇಳಿಯುತ್ತದೆ. ಇದೇ ಉತ್ತರವನ್ನು ಟ್ರಾನ್ಸ್‌ಫರ್ ಫಂಕ್ಷನ್ ಇಲ್ಲದೆಯೂ ಪಡೆಯಬಹುದು. ಪಲ್ಸ್ ಇರುವಾಗ ಹರಿಯುವ ವಿದ್ಯುತ್ ಸುಮಾರು 1 mA, 10 µsನಲ್ಲಿ ಅದು ತುಂಬುವ ಆವೇಶ 10 nC, ಅದನ್ನು 0.1 µFನಿಂದ ಭಾಗಿಸಿದರೆ ಮತ್ತೆ 0.1 V. ಎರಡು ದಾರಿಯೂ ಒಂದೇ ಕಡೆ ಸೇರಿದಾಗ ಮಾತ್ರ ನಾನು ಮುಂದಿನ ಹೆಜ್ಜೆ ಇಡುವುದು.

ಪಲ್ಸ್ ಎಷ್ಟು ಕಿರಿದಾಗಿದ್ದರೆ ಇಂಪಲ್ಸ್ ಎನ್ನಬಹುದು? ಅದು ಮೈಕ್ರೋಸೆಕೆಂಡುಗಳ ಪ್ರಶ್ನೆಯಲ್ಲ, RCಯ ಜೊತೆಗಿನ ಹೋಲಿಕೆಯ ಪ್ರಶ್ನೆ. 10 µs ಪಲ್ಸ್‌ಗೆ ನಿಖರವಾದ ಶಿಖರ 0.0995 V, ಇಂಪಲ್ಸ್ ಸೂತ್ರ ಹೇಳುವುದು 0.1 V. ಪಲ್ಸನ್ನು 100 µsಗೆ ಹಿಗ್ಗಿಸಿದರೆ ನಿಖರ ಬೆಲೆ 0.952 V, ಸೂತ್ರದ ಬೆಲೆ 1 V. 1 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ ಸೂತ್ರ 10 V ಎನ್ನುತ್ತದೆ, ಮಂಡಲ ಕೊಡುವುದು 6.32 V. ಅಲ್ಲಿಗೆ ಇಂಪಲ್ಸ್ ಎಂಬ ಊಹೆ ಮುರಿದುಬಿದ್ದಿರುತ್ತದೆ. RCಯ ನೂರನೇ ಒಂದು ಭಾಗದಷ್ಟು ಅಗಲವಿದ್ದರೆ ನನಗೆ ಸಮಾಧಾನ.

ಸ್ಟೆಪ್‌ನ ಕಥೆ ಚಿಕ್ಕದು. H(s)ಅನ್ನು sನಿಂದ ಭಾಗಿಸುವುದೆಂದರೆ h(t)ಯನ್ನು ಸೊನ್ನೆಯಿಂದ tವರೆಗೆ ಸಮಾಕಲನ ಮಾಡುವುದು. 5 V ಸ್ಟೆಪ್‌ಗೆ ಕೆಪಾಸಿಟರ್ ಮೇಲೆ 5(1 − e^(−t/RC)) ಬರುತ್ತದೆ. 1 ಮಿಲಿಸೆಕೆಂಡಿಗೆ 3.16 V, 5 ಮಿಲಿಸೆಕೆಂಡಿಗೆ 4.97 V.

ಈಗ ರೆಸಿಸ್ಟರ್‌ಗೆ ಬರೋಣ. ಅದರ ಟ್ರಾನ್ಸ್‌ಫರ್ ಫಂಕ್ಷನ್:

H(s) = sRC/(1 + sRC)

ಇಲ್ಲಿ ಅಂಶದ ಘಾತವೂ ಛೇದದ ಘಾತವೂ ಸಮ. ಹಾಗಿರುವಾಗ ಆಂಶಿಕ ಭಿನ್ನರಾಶಿಗೆ ಕೈಹಾಕುವ ಮೊದಲು ಒಮ್ಮೆ ಭಾಗಾಕಾರ ಮಾಡಲೇಬೇಕು. ಮಾಡಿದರೆ 1 − 1/(1 + sRC) ಎಂದಾಗುತ್ತದೆ. ಆ ಒಂಟಿ 1ರ ವಿಲೋಮ ಪರಿವರ್ತನೆಯೇ ಡೆಲ್ಟಾ:

h(t) = δ(t) − (1/RC) e^(−t/RC) u(t)

ಕಾಣೆಯಾಗುವುದು ಈ δ(t). ಅದಕ್ಕೆ ಕಾರಣವೂ ಗೊತ್ತಿರುವುದೇ. ರೆಸಿಸ್ಟರ್‌ನ ಸ್ಟೆಪ್ ಪ್ರತಿಕ್ರಿಯೆ e^(−t/RC) u(t). ಅದರ ಅವಕಲನವೇ ಇಂಪಲ್ಸ್ ಪ್ರತಿಕ್ರಿಯೆ ಎಂದು ಎಲ್ಲರಿಗೂ ಗೊತ್ತು. ಆದರೆ ಅವಕಲನ ಮಾಡುವಾಗ ಘಾತೀಯ ಭಾಗವನ್ನು ಮಾತ್ರ ಹಿಡಿದು, u(t)ಯನ್ನು ಅಲಂಕಾರದಂತೆ ಪಕ್ಕಕ್ಕಿಡುತ್ತಾರೆ. t = 0ಯಲ್ಲಿ ಸೊನ್ನೆಯಿಂದ ಒಂದಕ್ಕೆ ಜಿಗಿತವಿದೆ; ಜಿಗಿತದ ಅವಕಲನ ಡೆಲ್ಟಾ. ಕೆಪಾಸಿಟರ್‌ನ ಸ್ಟೆಪ್ ಪ್ರತಿಕ್ರಿಯೆ ಸೊನ್ನೆಯಿಂದಲೇ ಶುರುವಾಗುವುದರಿಂದ ಅಲ್ಲಿ ಈ ಉದಾಸೀನಕ್ಕೆ ಶಿಕ್ಷೆಯಾಗಲಿಲ್ಲ, ಅಷ್ಟೇ. ಉತ್ತರ ಪರೀಕ್ಷಿಸಲು ಸುಲಭದ ದಾರಿಯೂ ಇದೆ: ಎರಡೂ ಭಾಗಗಳ ವೋಲ್ಟೇಜ್ ಕೂಡಿದರೆ ಮೂಲದ ವೋಲ್ಟೇಜ್ ಬರಲೇಬೇಕು. ಎರಡೂ h(t)ಗಳನ್ನು ಕೂಡಿದಾಗ δ(t) ಉಳಿಯದಿದ್ದರೆ ಎಲ್ಲೋ ತಪ್ಪಿದೆ.

ಆಸಿಲೋಸ್ಕೋಪ್‌ನಲ್ಲಿ ಈ ಡೆಲ್ಟಾ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪಲ್ಸ್ ಬಂದಾಗ ರೆಸಿಸ್ಟರ್ ಮೇಲೆ 10 V ಏರುತ್ತದೆ, 10 µs ಕಳೆಯುವಾಗ 9.9 Vಗೆ ಇಳಿದಿರುತ್ತದೆ, ಪಲ್ಸ್ ಮುಗಿದ ಕ್ಷಣ ಸುಮಾರು −0.1 Vಗೆ ಬಿದ್ದು ನಿಧಾನವಾಗಿ ಸೊನ್ನೆಗೆ ಮರಳುತ್ತದೆ. ಪ್ರತಿ ಮನೆಗೆ 2 V ಇಟ್ಟು ನೋಡುವವರಿಗೆ ಡೆಲ್ಟಾ ಕಾಣುತ್ತದೆ, ಋಣ ಬಾಲ ಕಾಣುವುದಿಲ್ಲ. 50 mVಗೆ ತಿರುಗಿಸಿದರೆ ಬಾಲ ಕಾಣುತ್ತದೆ, ಶಿಖರ ಪರದೆಯಾಚೆ ಹೋಗುತ್ತದೆ. ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಬಾಲದ ವಿಸ್ತೀರ್ಣ 0.1 V × 1 ms, ಅಂದರೆ ಪಲ್ಸ್‌ನ ವಿಸ್ತೀರ್ಣದಷ್ಟೇ, ಚಿಹ್ನೆ ಮಾತ್ರ ವಿರುದ್ಧ. ಸ್ಥಿರ ವೋಲ್ಟೇಜನ್ನು ದಾಟಿಸದ ಮಂಡಲದಲ್ಲಿ ಹೀಗೇ ಆಗಬೇಕು: H(0) = 0.

ಇದನ್ನು ಅಳೆಯುವಾಗ ಮಂಡಲವನ್ನು ಹಾಗೆಯೇ ಬಿಟ್ಟು ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರುವ ಬಿಂದುವಿಗೆ ಸಿಕ್ಕಿಸಬೇಡಿ. ಸಾಮಾನ್ಯವಾಗಿ ಜನರೇಟರ್ ಮತ್ತು ಸ್ಕೋಪ್‌ನ ಗ್ರೌಂಡ್ ಒಂದೇ ಆಗಿರುತ್ತದೆ; ಕ್ಲಿಪ್ ತಾಗಿದ ಕೂಡಲೇ ಕೆಪಾಸಿಟರ್ ಶಾರ್ಟ್ ಆಗುತ್ತದೆ. ಪಲ್ಸ್ ಇದ್ದ ಹಾಗೇ ಬಂದು ಬಾಲವೇ ಇಲ್ಲದಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ. ರೆಸಿಸ್ಟರ್ ಮತ್ತು ಕೆಪಾಸಿಟರ್‌ನ ಸ್ಥಾನ ಅದಲುಬದಲು ಮಾಡಿ, ರೆಸಿಸ್ಟರ್ ಗ್ರೌಂಡ್ ಬದಿಗೆ ಬರುವಂತೆ ಜೋಡಿಸಿದರೆ ತೊಂದರೆ ತೀರುತ್ತದೆ.

ಇನ್ನೊಂದು ತಪ್ಪು ಮೂಲದಲ್ಲಿ ಆಗುತ್ತದೆ. ಇಂಪಲ್ಸ್ ಮುಗಿದ ಮೇಲೆ ಮೂಲ 0 Vನಲ್ಲಿರುತ್ತದೆ, ಅಂದರೆ ವಿದ್ಯುತ್ ಹರಿಯಲು ಅದರ ಮೂಲಕ ದಾರಿ ಇದ್ದೇ ಇರುತ್ತದೆ. ಬ್ಯಾಟರಿಯ ತಂತಿಯನ್ನು ತಾಗಿಸಿ ತೆಗೆದರೆ ಆ ದಾರಿ ಕಡಿದುಹೋಗುತ್ತದೆ, ಕೆಪಾಸಿಟರ್ ತನ್ನ ಆವೇಶವನ್ನು ಹಿಡಿದುಕೊಂಡೇ ಕೂರುತ್ತದೆ, ಇಳಿಯುವ ಬಾಲ ಬರುವುದೇ ಇಲ್ಲ.

ಟ್ರಾನ್ಸ್‌ಫರ್ ಫಂಕ್ಷನ್ ಆರಂಭದ ಆವೇಶ ಸೊನ್ನೆ ಎಂದೇ ಹೊರಡುತ್ತದೆ ಎಂಬುದೂ ನೆನಪಿರಲಿ. ಪಲ್ಸ್‌ಗಳನ್ನು 2 ಮಿಲಿಸೆಕೆಂಡಿಗೊಮ್ಮೆ ಕೊಟ್ಟರೆ ಹಿಂದಿನ ಬಾಲ ಆರುವ ಮುನ್ನವೇ ಮುಂದಿನದು ಬಂದು, ಕೆಪಾಸಿಟರ್‌ನ ಶಿಖರ 0.1 Vನ ಬದಲು ಸುಮಾರು 0.115 Vನಲ್ಲಿ ನಿಲ್ಲುತ್ತದೆ. ಪ್ರತಿ ಪಲ್ಸ್‌ಗೆ ಮುಂಚೆ ಗೆರೆ ಸೊನ್ನೆಯ ಮೇಲಿದೆಯೇ ಎಂದು ನೋಡಿ. 15 mVಯಷ್ಟು ಮೇಲೆ ತೇಲುತ್ತಿದ್ದರೆ ಅಂತರವನ್ನು 10 ಮಿಲಿಸೆಕೆಂಡಿಗೆ ಹೆಚ್ಚಿಸಿ. ಆ ವೇಳೆ ಸ್ಕೋಪ್ ಡಿಸಿ ಕಪ್ಲಿಂಗ್‌ನಲ್ಲೇ ಇರಬೇಕು. ಎಸಿಗೆ ಹಾಕಿದರೆ ಸರಾಸರಿ ಕಳೆದುಹೋಗಿ ಸೊನ್ನೆಯ ಗೆರೆಯೇ ಜರುಗುತ್ತದೆ.