ಸ್ಲೈಡ್‌ಗಳನ್ನು ಇಬ್ಬರ ಮಾತುಕತೆಯಾಗಿಸುವುದು ಹೇಗೆ?

ಪ್ರಶ್ನೆ: ರಕ್ತದೊತ್ತಡದ ಬಗ್ಗೆ ಇಪ್ಪತ್ತು ಸ್ಲೈಡ್‌ಗಳಿವೆ. ಅವುಗಳ ಮುಖ್ಯಾಂಶಗಳನ್ನು ಹತ್ತು ನಿಮಿಷದ ಪಾಡ್‌ಕಾಸ್ಟ್‌ನಲ್ಲಿ ಇಬ್ಬರು ಆರಾಮವಾಗಿ ಮಾತನಾಡುವಂತೆ ಮಾಡಬೇಕು. ಸ್ಲೈಡ್‌ಗಳನ್ನು ಇಬ್ಬರಿಗೂ ಹಂಚಿಕೊಟ್ಟರೆ ಸಾಕೇ?

ಉತ್ತರ: ಸಾಲದು. ಹಾಗೆ ಹಂಚಿದರೆ ಒಂದೇ ಭಾಷಣವನ್ನು ಇಬ್ಬರು ಸರದಿಯ ಮೇಲೆ ಓದಿದಂತಾಗುತ್ತದೆ. ಮೊದಲು ಸ್ಲೈಡ್‌ಗಳ ಅನುಕ್ರಮವನ್ನು ಬದಿಗಿಟ್ಟು, ಕೇಳುಗರ ಮನಸ್ಸಿನಲ್ಲಿ ಉಳಿಯಲೇಬೇಕಾದ ಮೂರು ವಿಷಯಗಳನ್ನು ಆರಿಸಿಕೊಳ್ಳಿ: ಬಿಪಿ ಇದೆಯೆಂದು ಯಾವಾಗ ಹೇಳುತ್ತಾರೆ, ಉಪ್ಪು ಎಷ್ಟಿರಬೇಕು, ಮಾತ್ರೆಯನ್ನು ತಾವಾಗಿಯೇ ಏಕೆ ನಿಲ್ಲಿಸಬಾರದು. ಉಳಿದ ಸ್ಲೈಡ್‌ಗಳಲ್ಲಿ ಈ ಮೂರಕ್ಕೆ ಆಧಾರವಾಗುವುದನ್ನು ಮಾತ್ರ ಬಳಸಿಕೊಂಡು, ಮಿಕ್ಕದ್ದನ್ನು ಧೈರ್ಯವಾಗಿ ಬಿಡಿ.

ಇನ್ನು ಎರಡು ದನಿಗಳ ವಿಚಾರ. ಒಬ್ಬರು ವಿಷಯ ಬಲ್ಲವರಾದರೆ, ಇನ್ನೊಬ್ಬರು ಕೇಳುಗರ ಪರವಾಗಿ ಸಂದೇಹ ಪಡುವವರಾಗಿರಬೇಕು. ಎರಡನೆಯವರು ಬರೀ "ಹೌದಾ", "ತುಂಬಾ ಒಳ್ಳೆಯ ಮಾಹಿತಿ" ಎನ್ನುತ್ತಿದ್ದರೆ ಅವರಿದ್ದೂ ಪ್ರಯೋಜನವಿಲ್ಲ. ಇದನ್ನು ಪರೀಕ್ಷಿಸಲು ಅವರ ಸಾಲುಗಳನ್ನೆಲ್ಲ ಹೊಡೆದುಹಾಕಿ ಓದಿ ನೋಡಿ. ಅರ್ಥಕ್ಕೆ ಏನೂ ಕೊರತೆಯಾಗದಿದ್ದರೆ ಆ ಭಾಗವನ್ನು ಮತ್ತೆ ಬರೆಯಬೇಕು.

ನಿಮ್ಮ ಒಂದು ಸ್ಲೈಡ್‌ನಲ್ಲಿ "140/90 ಅಥವಾ ಹೆಚ್ಚು: ಅಧಿಕ ರಕ್ತದೊತ್ತಡ" ಎಂದೂ, ಇನ್ನೊಂದರಲ್ಲಿ "ಉಪ್ಪು: ದಿನಕ್ಕೆ 5 ಗ್ರಾಂಗಿಂತ ಕಡಿಮೆ" ಎಂದೂ ಇದೆ ಎನ್ನೋಣ. ಅವು ಮಾತಾಗುವುದು ಹೀಗೆ:

— ಡಾಕ್ಟ್ರೇ, ಒಂದ್ಸಲ 140 ಬಂತು ಅಂದ್ರೆ ಬಿಪಿ ಇದೆ ಅಂತಲೇನಾ?
— ಒಂದೇ ಸಲ ನೋಡಿ ಹೇಳಕ್ಕಾಗಲ್ಲ. ಎರಡು ಬೇರೆ ಬೇರೆ ದಿನ ನೋಡಿದಾಗ್ಲೂ ಮೇಲಿಂದು 140 ಅಥವಾ ಕೆಳಗಿಂದು 90 ಮುಟ್ಟಿದ್ರೆ ಆಗ ಹೇಳ್ತೀವಿ.
— ಸರಿ, ಉಪ್ಪು ಐದು ಗ್ರಾಂ ಅಂತೀರಲ್ಲ, ಅಡುಗೆಮನೇಲಿ ಯಾರು ತೂಕ ಮಾಡ್ತಾರೆ?
— ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಅಂದ್ಕೊಳ್ಳಿ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಸೇರಿ ಅಷ್ಟು.

ಸ್ಲೈಡ್‌ನಲ್ಲಿ ಇಲ್ಲದಿದ್ದ ಎರಡು ಸಂಗತಿಗಳು, ಅಂದರೆ ಎರಡು ದಿನದ ಅಳತೆ ಮತ್ತು ಉಪ್ಪಿನಕಾಯಿಯ ಲೆಕ್ಕ, ಇಲ್ಲಿ ಪ್ರಶ್ನೆಯ ಬಲದಿಂದಲೇ ಹೊರಬಂದಿವೆ. ಇಂಥ ಸಂದೇಹಗಳನ್ನು ಹುಡುಕಲು ಸ್ಲೈಡ್‌ಗಳನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅವರು ಕೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ಅತ್ಯುತ್ತಮ ದಾರಿ.

ಆರಾಮದ ಧಾಟಿ ಬೇಕೆಂದಾದರೆ ಪೂರ್ತಿ ಸಂಭಾಷಣೆಯನ್ನು ಬರೆದು ಓದಿಸಬೇಡಿ. "ಮಾಡಲಾಗುವುದಿಲ್ಲ" ಎಂಬ ಬರಹದ ರೂಪ ಬಾಯಿಗೆ ಬಂದೊಡನೆ ಮಾತು ಬಿಗಿಯಾಗುತ್ತದೆ. ಇಬ್ಬರ ಮುಂದೆಯೂ ಪ್ರಶ್ನೆಗಳ ಕ್ರಮ ಮತ್ತು ಅಂಕಿಗಳು ಮಾತ್ರ ಇರಲಿ. ಅಂಕಿಗಳನ್ನು ನೆನಪಿನಿಂದ ಹೇಳಲು ಬಿಡಬಾರದು, ಏಕೆಂದರೆ ಸಲೀಸಾದ ಮಾತಿನಲ್ಲಿ ತಪ್ಪು ಸಂಖ್ಯೆಯೂ ಅನುಮಾನ ಹುಟ್ಟಿಸದೆ ದಾಟಿಹೋಗುತ್ತದೆ. "ಇಲ್ಲಿ ಕಾಣುವಂತೆ" ಎಂಬ ಮಾತು ನುಸುಳಿದ್ದರೆ ಆ ತುಣುಕನ್ನು ಮತ್ತೆ ಧ್ವನಿಮುದ್ರಿಸಿ, ಚಿತ್ರದಲ್ಲಿದ್ದುದನ್ನು ಬಾಯಲ್ಲೇ ಹೇಳಿಸಿ.