ಪುಸ್ತಕ ತೆರೆದಿದ್ದರೂ ಉತ್ತರ ಸಿಗದ ಪ್ರಶ್ನೆ

ನಾನು ನನ್ನ ತರಗತಿಗೆ ಮೊದಲ ಸಲ ಓಪನ್ ಬುಕ್ ಪರೀಕ್ಷೆ ಕೊಟ್ಟಾಗ 'ಆಸ್ಮೋಸಿಸ್ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ' ಎಂದು ಕೇಳಿದ್ದೆ. 32 ಉತ್ತರ ಪತ್ರಿಕೆಗಳಲ್ಲಿ 19 ಪತ್ರಿಕೆಗಳು ಒಂದೇ ವಾಕ್ಯದಿಂದ ಶುರುವಾಗಿದ್ದವು. ಅದು ನನ್ನದೇ ನೋಟ್ಸಿನ ವಾಕ್ಯ. ನಾನು ಅವಸರದಲ್ಲಿ 'ಸಾಂದ್ರತೆ'ಯನ್ನು 'ಸಾಂದ್ರೆತ' ಎಂದು ಬರೆದಿದ್ದೆ. ಆ ತಪ್ಪೂ ಹಾಗೇ ಬಂದಿತ್ತು. ಮಕ್ಕಳನ್ನು ಬೈದು ಏನು ಪ್ರಯೋಜನ? ನಾನು ಕೇಳಿದ್ದೇ ನಕಲು ಮಾಡಿ ಅಂತ ಅಲ್ವಾ!

ಮುಂದಿನ ಸಲ ಅದೇ ಪಾಠದ ಮೇಲೆ ಬೇರೆ ಪ್ರಶ್ನೆ ಮಾಡಿದೆ. ಐದು ಆಲೂಗಡ್ಡೆ ತುಂಡುಗಳು. ಪ್ರತಿಯೊಂದೂ ಸುಮಾರು 5 ಗ್ರಾಂ. ಒಂದನ್ನು ಬರೀ ನೀರಿನಲ್ಲಿ, ಉಳಿದವನ್ನು 1, 2, 3 ಮತ್ತು 4 ಶೇಕಡಾ ಉಪ್ಪುನೀರಿನಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ತೂಗಿದ್ದಾರೆ. ಬಂದ ತೂಕ ಇದೇ ಕ್ರಮದಲ್ಲಿ 5.4, 5.0, 4.7, 4.5 ಮತ್ತು 5.1 ಗ್ರಾಂ. ಇವು ಪ್ರಶ್ನೆಗಾಗಿ ನಾನೇ ಜೋಡಿಸಿದ ಅಂಕಿಗಳು. ಕೇಳಿದ್ದು ಮೂರು ವಿಷಯ. ಯಾವ ಅಳತೆಯನ್ನು ನೀವು ನಂಬುವುದಿಲ್ಲ? ಏಕೆ? ನಿಮ್ಮ ಅನುಮಾನ ಸರಿಯೋ ಎಂದು ಹೇಗೆ ಪರೀಕ್ಷಿಸುತ್ತೀರಿ?

ನೋಟ್ಸ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ ಎಂದು ಅದು ನೆನಪಿಸುತ್ತದೆ. ಹಾಗಿದ್ದರೆ ಕೊನೆಯ ತುಂಡು 4.5ಕ್ಕಿಂತ ಸ್ವಲ್ಪ ಕಡಿಮೆ ತೂಗಬೇಕಿತ್ತು. ಆದರೆ ಅಲ್ಲಿಂದ ಮುಂದೆ ನೋಟ್ಸ್ ಸುಮ್ಮನಾಗುತ್ತದೆ. ಮೇಲಿನ ನೀರನ್ನು ಒರೆಸದೆ ತೂಗಿದರಾ? ಲೋಟಗಳ ಚೀಟಿ ಅದಲು ಬದಲಾಯಿತಾ? ತುಂಡೇ ಮೊದಲು 5 ಗ್ರಾಂಗಿಂತ ದೊಡ್ಡದಿತ್ತಾ? ಇದನ್ನು ಅಂಕಿಗಳ ಜೊತೆ ಕೂತು ಯೋಚಿಸಿಯೇ ಹೇಳಬೇಕು.

ಕಥೆ ಸೇರಿಸಿದ ಮಾತ್ರಕ್ಕೆ ಪ್ರಶ್ನೆ ಬದಲಾಗುವುದಿಲ್ಲ. ಪ್ರಯೋಗದ ಬಗ್ಗೆ ಅರ್ಧ ಪುಟ ಬರೆದು, ಕೊನೆಗೆ 'ಇಲ್ಲಿ ನಡೆದ ಕ್ರಿಯೆ ಯಾವುದು?' ಎಂದು ಕೇಳುವವರಿದ್ದಾರೆ. ಅದು ವೇಷ ಹಾಕಿದ ಹಳೇ ಪ್ರಶ್ನೆ. ಇದನ್ನು ಹಿಡಿಯಲು ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಈ ಪಾಠ ಗೊತ್ತಿಲ್ಲದ ಸಹೋದ್ಯೋಗಿಗೆ ನೋಟ್ಸ್ ಮತ್ತು ಪ್ರಶ್ನೆ ಕೊಟ್ಟು, ನೋಟ್ಸ್ ನೋಡಿ ಬರೆಯಲು ಆಗುವಷ್ಟನ್ನೇ ಬರೆಯಿರಿ ಎನ್ನುತ್ತೇನೆ. ಹತ್ತರಲ್ಲಿ ಮೂರಕ್ಕಿಂತ ಜಾಸ್ತಿ ಅಂಕ ಬಂದರೆ ಪ್ರಶ್ನೆ ಮತ್ತೆ ಮೇಜಿಗೆ ಬರುತ್ತದೆ. ಇನ್ನೊಂದು ತುದಿಯೂ ಇದೆ. ಪಾಠವನ್ನು ಚೆನ್ನಾಗಿ ಓದಿದವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ, ಅದು ಪಾಠದ ಪರೀಕ್ಷೆ ಅಲ್ಲ, ಒಗಟು.

ಅಂಕ ಹಂಚುವಾಗಲೂ ಎಡವುತ್ತೇವೆ. ವ್ಯಾಖ್ಯೆಗೆ ಎರಡು ಅಂಕ ಇಟ್ಟರೆ ಎಲ್ಲರೂ ಒಂದು ಪುಟ ವ್ಯಾಖ್ಯೆ ಬರೆಯುತ್ತಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ನಂಬಲಾಗದ ಅಳತೆಯನ್ನು ಗುರುತಿಸಿದರೆ 2, ಕಾರಣವನ್ನು ಅಂಕಿಗೆ ಕಟ್ಟಿ ಹೇಳಿದರೆ 4, ಪರೀಕ್ಷಿಸುವ ದಾರಿಗೆ 4. 'ತಪ್ಪು ಆಗಿರಬಹುದು' ಎಂದಷ್ಟೇ ಬರೆದರೆ ಕಾರಣದ ಅಂಕ ಇಲ್ಲ. ಇದನ್ನು ಮೊದಲೇ ಹೇಳಿ, ಇಂಥದ್ದೇ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಬಿಡಿಸಿ ತೋರಿಸಬೇಕು. ಇಲ್ಲವಾದರೆ ಪಾಪ, ಅವರು ಹಳೇ ಅಭ್ಯಾಸದಲ್ಲಿ ಬರೆದು ಕಳೆದುಕೊಳ್ಳುತ್ತಾರೆ.

ಸಮಯಕ್ಕೆ ನನ್ನದು ಒರಟು ಲೆಕ್ಕ. ನಾನು 8 ನಿಮಿಷದಲ್ಲಿ ಪೂರ್ತಿ ಬರೆಯುವ ಉತ್ತರಕ್ಕೆ ಅವರಿಗೆ 25 ನಿಮಿಷ. ಪುಟ ತಿರುವುವುದರಲ್ಲೇ ಸಮಯ ಹೋಗುತ್ತದೆ. ಒಂದೂವರೆ ಗಂಟೆಗೆ ಮೂರೇ ಪ್ರಶ್ನೆ ಸಾಕು.

ಆ ಆಲೂಗಡ್ಡೆ ಪ್ರಶ್ನೆಯಲ್ಲಿ ಚೀಟಿ ಅದಲು ಬದಲಾಗಿದೆ ಎಂದವರಿಗೆ ಪೂರ್ತಿ ಅಂಕ ಎಂದು ನಾನು ಬರೆದಿಟ್ಟಿದ್ದೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ಚೀಟಿ ಬದಲಾಗಿದ್ದರೆ ಇನ್ನೊಂದು ಲೋಟದ ತೂಕವೂ ಕೆಡಬೇಕಿತ್ತು. ಉಳಿದ ನಾಲ್ಕೂ ಸಾಲಾಗಿ ಇಳಿದಿವೆ. ಆದ್ದರಿಂದ ಈ ತುಂಡಿನ ಮೊದಲ ತೂಕವನ್ನೇ ಅನುಮಾನಿಸುತ್ತೇನೆ.' ನನಗೆ ಅದು ಹೊಳೆದೇ ಇರಲಿಲ್ಲ. ಅಂಕಪಟ್ಟಿ ತಿದ್ದಿ, 32 ಪತ್ರಿಕೆಗಳನ್ನೂ ಮತ್ತೆ ಮೊದಲಿನಿಂದ ನೋಡಿದೆ.