ಠೇಕೇದಾರ ದುಡ್ಡು ಕೊಟ್ಟು ಸಹಿ ಹಾಕಿಸಿಕೊಂಡ ಮೇಲೆ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಅಣ್ಣ ಪುಣೆಯ ವಾಕಡದ ಒಂದು ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. 2025ರ ಮಾರ್ಚ್‌ನಲ್ಲಿ ಮೇಲಿನಿಂದ ಬಿದ್ದು ತೀರಿಕೊಂಡರು. ದಿನಕ್ಕೆ 700 ರೂಪಾಯಿ ಪಗಾರ ಇತ್ತು, ವಯಸ್ಸು 35 ನಡೆಯುತ್ತಿತ್ತು. ಠೇಕೇದಾರರು ಮಣ್ಣಿನ ದಿನವೇ ಅತ್ತಿಗೆಯ ಕೈಗೆ ಮೂರು ಲಕ್ಷ ಕೊಟ್ಟು, ‘ಇನ್ನು ಯಾವ ಕ್ಲೇಮೂ ಇಲ್ಲ’ ಎಂದು ಸ್ಟ್ಯಾಂಪ್ ಪೇಪರ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಇನ್ನೇನಾದರೂ ಸಿಗುತ್ತದೆಯೇ ವಕೀಲರೇ? ಸಿಕ್ಕರೆ ಎಷ್ಟು?

ಉತ್ತರ: ಊರು, ಕೆಲಸ, ಮೊತ್ತ ಬದಲಾಗುತ್ತವೆ, ಆದರೆ ಪ್ರಶ್ನೆ ಇದೇ. ಪಿಂಪ್ರಿಯಿಂದ ಬಂದಿದೆ, ಭಿವಂಡಿಯಿಂದ ಬಂದಿದೆ, ವಾಸ್ಕೋದಿಂದಲೂ ಬಂದಿದೆ. ಪ್ರತಿ ಸಲವೂ ಕೇಳುವವರು ಕೊನೆಯಲ್ಲಿ ‘ಸಹಿ ಆಗಿಬಿಟ್ಟಿದೆಯಲ್ಲ’ ಎಂದು ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಅದಕ್ಕಾಗಿ ಮೊದಲು ಲೆಕ್ಕವನ್ನು ಹೇಳಿ ಮುಗಿಸಿ, ಆ ಕಾಗದದ ವಿಷಯಕ್ಕೆ ಬರುತ್ತೇನೆ.

ಅಪಘಾತ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದೇ ಅನ್ವಯಿಸುತ್ತದೆ. 2025ರ ಮಾರ್ಚ್‌ನಲ್ಲಿ ಇದ್ದದ್ದು 1923ರ ನೌಕರರ ಪರಿಹಾರ ಕಾಯಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದು, ಅದರಲ್ಲಿಯೂ ಗುಣಿಸುವ ಕ್ರಮ ಇದೇ ಆಗಿದೆ. ಆದರೆ ವೇತನದ ವ್ಯಾಖ್ಯೆ ಬೇರೆಯಾಗಿರುವುದರಿಂದ ಅದರ ನಂತರದ ಅಪಘಾತಗಳಿಗೆ ಇಲ್ಲಿನ ಅಂಕಿಗಳನ್ನು ಹಾಗೆಯೇ ಎತ್ತಿ ಹಾಕಬಾರದು.

ಮರಣವಾದಾಗ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. ತಿಂಗಳ ವೇತನ ಎಂದರೆ, ಒಂದೇ ಮಾಲೀಕರ ಬಳಿ ವರ್ಷಪೂರ್ತಿ ದುಡಿದವರಿಗೆ ಹಿಂದಿನ ಹನ್ನೆರಡು ತಿಂಗಳ ಒಟ್ಟು ಪಗಾರದ ಹನ್ನೆರಡನೆಯ ಒಂದು ಭಾಗ. ನಿಮ್ಮ ಅಣ್ಣ ತಿಂಗಳಿಗೆ 26 ದಿನದಂತೆ ವರ್ಷಕ್ಕೆ 312 ದಿನ ದುಡಿದಿದ್ದರೆ ಅದು 2,18,400 ರೂಪಾಯಿ, ತಿಂಗಳಿಗೆ 18,200. ಆದರೆ 2020ರ ಜನವರಿಯಿಂದ ಈ ಲೆಕ್ಕಕ್ಕೆ ತಿಂಗಳಿಗೆ 15,000 ರೂಪಾಯಿಯ ಮಿತಿ ಇದೆ, ಅದಕ್ಕಿಂತ ಹೆಚ್ಚು ದುಡಿದಿದ್ದರೂ 15,000 ಎಂದೇ ಹಿಡಿಯುತ್ತಾರೆ. ಅದರ ಅರ್ಧ 7,500.

ವಯಸ್ಸನ್ನು ಪೂರ್ಣಗೊಂಡ ವರ್ಷಗಳಲ್ಲಿ ಎಣಿಸಬೇಕು. 35 ನಡೆಯುತ್ತಿತ್ತು ಎಂದರೆ 34 ತುಂಬಿತ್ತು ಎಂದರ್ಥ, ಮತ್ತು ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿ 34ರ ಗುಣಾಂಕ 199.40. ಹಾಗಾಗಿ 7,500 × 199.40 = 14,95,500 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚಿಗೆ ಕನಿಷ್ಠ 5,000. ನಿಮ್ಮ ಅತ್ತಿಗೆಯ ಕೈಗೆ ಬಂದದ್ದು ಮೂರು ಲಕ್ಷ.

ಈ ಗುಣಾಂಕವನ್ನು ‘ಉಳಿದ ಸರ್ವೀಸಿನ ತಿಂಗಳು’ ಎಂದು ತಿಳಿಯುವವರಿದ್ದಾರೆ. 34ರಿಂದ 60ರವರೆಗೆ 312 ತಿಂಗಳಾಗುತ್ತದೆ, ಗುಣಾಂಕ ಇರುವುದು 199.40. ನಿವೃತ್ತಿಗೂ ಇದಕ್ಕೂ ಸಂಬಂಧವಿಲ್ಲ, 65 ದಾಟಿದ ವಾಚ್‌ಮನ್‌ಗೂ 99.37ರ ಗುಣಾಂಕವಿದೆ. ಎಷ್ಟು ವರ್ಷದ ಸರ್ವೀಸ್ ಆಗಿತ್ತು ಎಂಬುದೂ ಗುಣಾಂಕವನ್ನು ಬದಲಿಸುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿದ್ದರೂ ವಯಸ್ಸಿನ ಗುಣಾಂಕ ಅದೇ.

ವಯಸ್ಸಿನ ದಾಖಲೆಯ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ನಮ್ಮ ಕಡೆಯ ಬಹಳಷ್ಟು ಜನರ ಆಧಾರ್‌ನಲ್ಲಿ ಜನ್ಮದಿನಾಂಕ ಜನವರಿ 1 ಎಂದಿರುತ್ತದೆ, ವರ್ಷವೂ ಅಂದಾಜಿನದು. ಅಣ್ಣನ ಆಧಾರ್‌ನಲ್ಲಿ 1988ರ ಜನವರಿ 1 ಎಂದಿದ್ದು, ಶಾಲೆಯ ದಾಖಲೆಯಲ್ಲಿ 1990ರ ಜೂನ್ ಎಂದಿದ್ದರೆ, ಆಧಾರ್ ಪ್ರಕಾರ 37 ಆಗುತ್ತದೆ, ಗುಣಾಂಕ 192.14ಕ್ಕೆ ಇಳಿಯುತ್ತದೆ, ಮೊತ್ತದಲ್ಲಿ 54,450 ರೂಪಾಯಿ ಕಡಿಮೆಯಾಗುತ್ತದೆ. ರಸ್ತೆ ಅಪಘಾತದ ಒಂದು ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನೇ ಎತ್ತಿಹಿಡಿದಿದೆ. ಆದ್ದರಿಂದ ಊರಿನ ಶಾಲೆಗೆ ಹೋಗಿ ಆ ಪ್ರಮಾಣಪತ್ರವನ್ನು ತೆಗೆಸಿಟ್ಟುಕೊಳ್ಳಿ.

ಈಗ ಸ್ಟ್ಯಾಂಪ್ ಪೇಪರಿನ ಮಾತು. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬರುತ್ತಾರೆ. ‘ಹೆಬ್ಬೆಟ್ಟು ಒತ್ತಿದ್ದಾರೆ, ನೋಟರಿ ಆಗಿದೆ, ಪಂಚರ ಸಹಿಯೂ ಇದೆ.’ ಇರಲಿ. ಕಾಯಿದೆಯ 8ನೆಯ ಕಲಂ ಹೇಳುವುದು ಇಷ್ಟು: ನೌಕರ ಮೃತಪಟ್ಟಾಗ ಪರಿಹಾರದ ಹಣವನ್ನು ಮಾಲೀಕರು ಕಮಿಷನರ್ ಅವರ ಬಳಿ ಠೇವಣಿ ಇಡಬೇಕು. ನೇರವಾಗಿ ಮನೆಯವರ ಕೈಗೆ ಕೊಟ್ಟ ಹಣವನ್ನು ಪರಿಹಾರ ಕೊಟ್ಟಂತೆ ಪರಿಗಣಿಸುವಂತಿಲ್ಲ. ಕಮಿಷನರ್ ಎಂದರೆ ಪೊಲೀಸ್ ಕಮಿಷನರ್ ಅಲ್ಲ. ಈ ಕಾಯಿದೆಗಾಗಿ ನೇಮಕಗೊಂಡ ಅಧಿಕಾರಿ, ಮಹಾರಾಷ್ಟ್ರದಲ್ಲಿ ಲೇಬರ್ ಕೋರ್ಟಿನ ನ್ಯಾಯಾಧೀಶರು ಆ ಕೆಲಸ ಮಾಡುತ್ತಾರೆ.

ಈ ನಿಯಮ ಏಕೆ ಇದೆ ಎಂಬುದನ್ನು ನಿಮ್ಮ ಅತ್ತಿಗೆಯ ಆ ದಿನವೇ ಹೇಳುತ್ತದೆ. ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗ, ಊರಿಗೆ ಸಾಗಿಸಲು ಗಾಡಿಯ ಬಾಡಿಗೆ ಇಲ್ಲದಿರುವಾಗ, ಮರಾಠಿಯಲ್ಲಿ ಬರೆದ ಕಾಗದವನ್ನು ಓದಲು ಬಾರದ ಹೆಂಗಸಿನ ಮುಂದೆ ನೋಟಿನ ಕಟ್ಟು ಇಟ್ಟರೆ ಅವಳು ಬೇಡ ಎನ್ನಲಾರಳು. ಅಂಥ ಗಳಿಗೆಯಲ್ಲಿ ಆಗುವ ಒಪ್ಪಂದವನ್ನು ಕಾನೂನು ನಂಬುವುದಿಲ್ಲ. ಅದಕ್ಕಾಗಿಯೇ 17ನೆಯ ಕಲಂನಲ್ಲಿ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಮಾಲೀಕರ ಹೊಣೆಯನ್ನು ತಗ್ಗಿಸುವ ಕರಾರು ಆ ಮಟ್ಟಿಗೆ ಅಸಿಂಧು ಎಂದು ಬರೆದಿದೆ. ನೋಟರಿಯ ಮೊಹರು ಅಸಿಂಧುವಾದ ಕರಾರನ್ನು ಸಿಂಧು ಮಾಡುವುದಿಲ್ಲ.

ಹಾಗಾದರೆ ಕೊಟ್ಟ ಮೂರು ಲಕ್ಷದ ಗತಿ ಏನು? ಮಾಲೀಕರು ಅವಲಂಬಿತರಿಗೆ ಮೂರು ತಿಂಗಳ ವೇತನದಷ್ಟು ಹಣವನ್ನು ಮುಂಗಡವಾಗಿ ಕೊಡಲು ಕಾಯಿದೆ ಅವಕಾಶ ಕೊಟ್ಟಿದೆ. ತಿಂಗಳಿಗೆ 18,200ರಂತೆ ಅದು 54,600 ರೂಪಾಯಿ. ಅಷ್ಟನ್ನು ಕಮಿಷನರ್ ಪರಿಹಾರದಿಂದ ಕಳೆದು ಮಾಲೀಕರಿಗೆ ಮರಳಿಸಬಹುದು. ಉಳಿದದ್ದನ್ನು ‘ಪರಿಹಾರ ತೀರಿಸಿದ್ದೇವೆ’ ಎಂದು ತೋರಿಸಲು 8ನೆಯ ಕಲಂ ಬಿಡುವುದಿಲ್ಲ. ಆದರೂ ಅರ್ಜಿಯಲ್ಲಿ ಮೂರು ಲಕ್ಷ ಬಂದದ್ದನ್ನು ಮುಚ್ಚಿಡಬೇಡಿ. ಯಾವ ದಿನ, ಯಾರು, ಯಾರ ಎದುರು ಕೊಟ್ಟರು ಎಂದು ನೇರವಾಗಿ ಬರೆಯಿರಿ. ಅದು ನಿಮಗೇ ಉಪಯೋಗಕ್ಕೆ ಬರುತ್ತದೆ. ‘ಅವನು ನಮ್ಮ ಕೆಲಸಗಾರನೇ ಅಲ್ಲ’ ಎಂದು ನಾಳೆ ಹೇಳುವ ಠೇಕೇದಾರ ಇಂದು ಕೊಟ್ಟ ಹಣಕ್ಕೆ ಕಾರಣ ಹೇಳಬೇಕಾಗುತ್ತದೆ. ಆ ಸ್ಟ್ಯಾಂಪ್ ಪೇಪರಿನ ಪ್ರತಿ ಇದ್ದರೆ ಹರಿದು ಹಾಕಬೇಡಿ, ಅಣ್ಣ ಅಲ್ಲಿ ದುಡಿಯುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಸುಲಭವಾಗಿ ಸಿಗುವುದಿಲ್ಲ.

ಅಂಥ ಕಾಗದಗಳಲ್ಲಿ ‘ಮೃತನ ಸ್ವಂತ ತಪ್ಪಿನಿಂದ ಅಪಘಾತವಾಯಿತು, ಬೆಲ್ಟ್ ಹಾಕಿರಲಿಲ್ಲ, ಕುಡಿದಿದ್ದ’ ಎಂಬ ಸಾಲೂ ಇರುತ್ತದೆ. ಅದನ್ನು ಓದಿ ಎದೆಗುಂದಬೇಡಿ. ಕುಡಿತ, ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದದ್ದು ಮುಂತಾದ ನೆಪಗಳನ್ನು ಮಾಲೀಕರು ಸಾಮಾನ್ಯ ಗಾಯದ ಪ್ರಕರಣದಲ್ಲಿ ಹೇಳಬಹುದು. ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಆದಾಗ ಆ ವಾದಕ್ಕೆ ಕಾಯಿದೆಯಲ್ಲಿ ಜಾಗವಿಲ್ಲ.

ಠೇಕೇದಾರನ ಹತ್ತಿರ ದುಡ್ಡಿಲ್ಲ, ಅವನು ಊರು ಬಿಟ್ಟಿದ್ದಾನೆ ಎಂದರೂ ಕೈಚೆಲ್ಲಿ ಕೂರಬೇಕಿಲ್ಲ. ಬಿಲ್ಡರ್ ತನ್ನ ವ್ಯವಹಾರದ ಭಾಗವಾದ ಕೆಲಸವನ್ನೇ ಠೇಕೇದಾರನಿಗೆ ಒಪ್ಪಿಸಿದ್ದರೆ, 12ನೆಯ ಕಲಂ ಪ್ರಕಾರ ಬಿಲ್ಡರ್‌ನಿಂದಲೇ ಕೇಳಬಹುದು. ಅವರು ಆಮೇಲೆ ಠೇಕೇದಾರನಿಂದ ವಸೂಲಿ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಗೇಟ್ ಪಾಸ್, ಮುಕಾದಮ ವಾರದ ಪಗಾರವನ್ನು ಫೋನಿನಲ್ಲಿ ಹಾಕಿದ ದಾಖಲೆ, ಇವೆಲ್ಲ ಕೆಲಸ ಮತ್ತು ಪಗಾರ ಎರಡಕ್ಕೂ ಪುರಾವೆಯಾಗುತ್ತವೆ. ಅಣ್ಣನ ಮೊಬೈಲನ್ನು ದಯವಿಟ್ಟು ಮಾರಬೇಡಿ.

ಅರ್ಜಿಗೆ ಎರಡು ವರ್ಷದ ಗಡುವು ಇದೆ, ನಿಮ್ಮದು 2027ರ ಮಾರ್ಚ್‌ಗೆ ಮುಗಿಯುತ್ತದೆ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಕಮಿಷನರ್‌ಗೆ ಇದೆ, ಆದರೆ ಅದನ್ನು ನೆಚ್ಚಿಕೊಂಡು ಕೂರುವುದು ಸರಿಯಲ್ಲ. ಪುಣೆಗೆ ಓಡಾಡಬೇಕಾಗುತ್ತದೆ ಎಂದು ಹೆದರಬೇಡಿ. ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲ, ಅರ್ಜಿದಾರರು ವಾಸವಿರುವ ಜಿಲ್ಲೆಯಲ್ಲಿಯೂ ಅರ್ಜಿ ಹಾಕಬಹುದು. ಅತ್ತಿಗೆ ಈಗ ವಿಜಯಪುರದ ಕಡೆ ಇದ್ದರೆ ಅಲ್ಲಿಯೇ ಹಾಕಲಿ.

ಬಡ್ಡಿಯ ಲೆಕ್ಕವನ್ನೂ ತಿಳಿದಿರಿ. ಪರಿಹಾರ ಅಪಘಾತದ ದಿನವೇ ಸಲ್ಲಬೇಕಾದ ಬಾಕಿಯಾಗುತ್ತದೆ ಎಂದು ಸುಪ್ರೀಂ ಕೋರ್ಟು 1975ರ ಸುಮಾರಿಗೇ, ಕೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ ಹೇಳಿದೆ. ಒಂದು ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ ನೂರಕ್ಕೆ 12ರ ಸರಳ ಬಡ್ಡಿ. ನಿಮ್ಮ ಮೊತ್ತಕ್ಕೆ ಅದು ವರ್ಷಕ್ಕೆ 1,79,460 ರೂಪಾಯಿ. ಸಕಾರಣವಿಲ್ಲದೆ ತಡಮಾಡಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಕೇಳಬಹುದು.

ಒಂದು ಅಪವಾದವನ್ನು ಹೇಳಲೇಬೇಕು. ಅಣ್ಣನಿಗೆ ಇಎಸ್ಐ ಇದ್ದಿದ್ದರೆ ಈ ಕಾಯಿದೆಯ ಪರಿಹಾರ ಸಿಗುವುದಿಲ್ಲ, ಬದಲಿಗೆ ಇಎಸ್ಐನಿಂದ ಕುಟುಂಬಕ್ಕೆ ತಿಂಗಳ ಪಿಂಚಣಿ ಬರುತ್ತದೆ. ಪಗಾರದಲ್ಲಿ ಇಎಸ್ಐ ಕಡಿತವಾಗುತ್ತಿತ್ತೇ ಎಂದು ಮೊದಲು ನೋಡಿ.

ಕೊನೆಗೆ, ನೀವು ಕೇಳದ ಒಂದು ವಿಷಯ. ಈ ಹಣ ಯಾರದು? ಪತ್ರ ಬರೆಯುವವರು ಸಾಮಾನ್ಯವಾಗಿ ತಮ್ಮನೋ ಅಣ್ಣನೋ ಆಗಿರುತ್ತಾರೆ, ಓಡಾಡುವವರೂ ಅವರೇ. ಆದರೆ ಹೆಂಡತಿ, ಅಪ್ರಾಪ್ತ ಮಗ, ಮದುವೆಯಾಗದ ಮಗಳು ಮತ್ತು ವಿಧವೆಯಾದ ತಾಯಿ, ಇವರನ್ನು ಕಾಯಿದೆ ಯಾವ ಪ್ರಶ್ನೆಯನ್ನೂ ಕೇಳದೆ ಅವಲಂಬಿತರೆಂದು ಒಪ್ಪುತ್ತದೆ. ತಂದೆ ಬದುಕಿದ್ದರೆ ತಾಯಿ ತಂದೆ ಇಬ್ಬರೂ ಮಗನ ದುಡಿಮೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಂಬಿದ್ದರು ಎಂದು ತೋರಿಸಬೇಕು. ಹದಿನೆಂಟು ದಾಟಿದ ತಮ್ಮನಿಗೆ ಪಾಲಿಲ್ಲ. ಯಾರಿಗೆ ಎಷ್ಟು ಎಂಬುದನ್ನು ಹಂಚುವವರು ಕಮಿಷನರ್, ಮನೆಯ ಹಿರಿಯರಲ್ಲ. ಮಕ್ಕಳ ಪಾಲನ್ನು ಅವರು ಠೇವಣಿಯಲ್ಲಿ ಇಡಿಸಬಹುದು, ಹೆಂಗಸರ ಪಾಲನ್ನೂ ಹಾಗೆ ಮಾಡಬಹುದು. ಆದ್ದರಿಂದ ಅರ್ಜಿದಾರರ ಪಟ್ಟಿಯಲ್ಲಿ ಅತ್ತಿಗೆ, ಮಕ್ಕಳು ಮತ್ತು ನಿಮ್ಮ ತಾಯಿಯ ಹೆಸರು ಇರಲಿ, ನಿಮ್ಮ ಹೆಸರು ಬೇಡ. ಅಣ್ಣ ಯಾವ ಸೈಟಿನಲ್ಲಿ, ಯಾರ ಕೈಕೆಳಗೆ, ಎಷ್ಟು ಪಗಾರಕ್ಕೆ ದುಡಿಯುತ್ತಿದ್ದರು ಎಂಬುದು ನಿಮಗೆ ಖುದ್ದಾಗಿ ಗೊತ್ತಿದ್ದರೆ, ನೀವು ಸಾಕ್ಷಿಯಾಗಿ ನಿಲ್ಲಿ.